ಒಂಬತ್ತಡಿ ಹಾಲಿಗೆ ಎಷ್ಟು ಇಂಚಿನ ಟಿವಿ?

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮಕ್ಕನ ಮನೆಯಿದೆ. ಹಾಲ್ 12 ಅಡಿ ಉದ್ದ, 9 ಅಡಿ ಅಗಲ. ಉದ್ದದ ಗೋಡೆಗೆ ಟಿವಿ, ಅದರ ಎದುರಿಗೆ ಸೋಫಾ, ಪಕ್ಕದ ಗಿಡ್ಡ ಗೋಡೆಗೆ ದಿವಾನ. ಹಳೇ ಟಿವಿ ಕೆಟ್ಟಾಗ ಭಾವ 55 ಇಂಚಿನದೇ ತರೋಣ ಅಂದರು. ಅಕ್ಕನ ಅತ್ತೆ ದಿವಾನದ ಮೇಲೆ ಕೂತೇ ಹೇಳಿದರು: "ನಂಗೆ ಇಲ್ಲಿಂದ ಮುಖ ಸರಿಯಾಗಿ ಕಂಡ್ರೆ ಸಾಕು ನೋಡಪ್ಪಾ." ಕೊನೆಗೆ ಅವರ ಮಾತೇ ಟಿವಿಯನ್ನು ಆರಿಸಿತು. ಅದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ಟೇಪ್ ಹಿಡಿಯಿರಿ

ಗೋಡೆಯಿಂದ ಗೋಡೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಬೇಕಾಗಿರುವುದು ಕಣ್ಣಿನಿಂದ ಪರದೆಗೆ ಇರುವ ದೂರ. ಸೋಫಾಕ್ಕೆ ಒರಗಿ ಕೂತಾಗ ಕಣ್ಣು ಹಿಂದಿನ ಗೋಡೆಯಿಂದ ಸುಮಾರು ಒಂದೂವರೆ ಅಡಿ ಮುಂದೆ ಇರುತ್ತದೆ. ಗೋಡೆಗೆ ತೂಗುಹಾಕಿದ ಟಿವಿಯ ಪರದೆಯೂ ನಾಲ್ಕು ಇಂಚು ಮುಂದೆ ಬರುತ್ತದೆ. ಅಕ್ಕನ ಮನೆಯ 9 ಅಡಿ ಅಂದರೆ 108 ಇಂಚು. ಅದರಲ್ಲಿ 18 ಮತ್ತು 4 ಕಳೆದರೆ 86 ಇಂಚು, ಅಂದರೆ ಏಳಡಿ ಚಿಲ್ಲರೆ.

ಈ 86ನ್ನು ಎರಡು ಸಲ ಭಾಗಿಸಿ. 1.6ರಿಂದ ಭಾಗಿಸಿದರೆ ಸುಮಾರು 54 ಬರುತ್ತದೆ. ಎಚ್‌ಡಿ, 4ಕೆ ಸಿನಿಮಾ ನೋಡುವವರಿಗೆ ಪರದೆ ಕಣ್ತುಂಬುವ ಅಳತೆ ಇದು. 2ರಿಂದ ಭಾಗಿಸಿದರೆ 43. ಕೇಬಲ್‌ನ ಮಾಮೂಲಿ ಚಾನೆಲ್ ಜಾಸ್ತಿ ನೋಡುವ ಮನೆಗೆ ಈ ಅಳತೆ ಒಳ್ಳೆಯದು. ಯಾಕೆಂದರೆ ಮಾಮೂಲಿ ಚಾನೆಲ್‌ನ ಚಿತ್ರದಲ್ಲಿ ಮೇಲಿಂದ ಕೆಳಗೆ 576 ಗೆರೆಗಳು ಮಾತ್ರ ಇರುತ್ತವೆ. ಅಷ್ಟನ್ನೇ ದೊಡ್ಡ ಪರದೆಗೆ ಎಳೆದರೆ ಮುಖಗಳು ಮಸುಕಾಗುತ್ತವೆ, ಓಡುವ ಅಕ್ಷರಗಳ ಅಂಚು ಹರಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಅಲ್ಲಿ ಓಡಿಸುವುದು ಟಿವಿ ಚೆನ್ನಾಗಿ ಕಾಣಲೆಂದೇ ತೆಗೆದ 4ಕೆ ವಿಡಿಯೊ.

ಗೋಡೆಯ ಜಾಗವನ್ನೂ ನೋಡಿಕೊಳ್ಳಿ. ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ. 55 ಇಂಚಿನ ಟಿವಿಯ ಅಗಲ ಸುಮಾರು 4 ಅಡಿ, 50ರದ್ದು 44 ಇಂಚು, 43ರದ್ದು 38 ಇಂಚು. ಅಕ್ಕನ ಮನೆಯಲ್ಲಿ ಶೋಕೇಸಿಗೂ ರೂಮಿನ ಬಾಗಿಲಿಗೂ ನಡುವೆ ಇರುವುದು ಸರಿಯಾಗಿ 4 ಅಡಿ. 55 ಅಲ್ಲಿಗೇ ಬಿಟ್ಟುಹೋಯಿತು. ಉಳಿದದ್ದು 50 ಮತ್ತು 43.

ಪಕ್ಕದಲ್ಲಿ ಕೂರುವವರ ಲೆಕ್ಕ

ದೊಡ್ಡ ಹಾಲಿನಲ್ಲಿ ಎಲ್ಲರೂ ಟಿವಿಯ ಎದುರಿಗೇ ಕೂರಬಹುದು. ಪುಟ್ಟ ಹಾಲಿನಲ್ಲಿ ಒಬ್ಬರಾದರೂ ಪಕ್ಕಕ್ಕೆ ಹೋಗಲೇಬೇಕು. ಹಾಗಾಗಿ ಚಿತ್ರ ಮೂಡಿಸುವ ಹಲಗೆ, ಅಂದರೆ ಪ್ಯಾನೆಲ್, ಯಾವುದು ಅನ್ನುವುದು ಸಣ್ಣ ಮನೆಗೇ ಜಾಸ್ತಿ ಮುಖ್ಯ.

ಎಲ್‌ಇಡಿ ಟಿವಿಗಳಲ್ಲಿ ಹೆಚ್ಚಾಗಿ ಎರಡು ಬಗೆಯ ಪ್ಯಾನೆಲ್ ಇರುತ್ತವೆ: ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ. ಆದರೆ ಎದುರಿನಿಂದ ಸ್ವಲ್ಪ ಸರಿದರೆ ಸಾಕು, ಬಣ್ಣ ತೆಳುವಾಗಲು ಶುರುವಾಗುತ್ತದೆ. ಇನ್ನೂ ಪಕ್ಕಕ್ಕೆ ಹೋದರೆ ಮುಖಗಳಿಗೆ ಸುಣ್ಣದ ನೀರು ಬಳಿದ ಹಾಗಿರುತ್ತದೆ. ಐಪಿಎಸ್ ಪಕ್ಕದಿಂದಲೂ ಬಣ್ಣ ಉಳಿಸಿಕೊಳ್ಳುತ್ತದೆ. ಅದರ ಕೊರತೆ ಬೇರೆ: ದೀಪ ಆರಿಸಿದ ಕೋಣೆಯಲ್ಲಿ ಅದರ ಕಪ್ಪು ಬೂದಿಯಂತೆ ಕಾಣುತ್ತದೆ. ಕ್ಯೂಎಲ್‌ಇಡಿ ಅಂತ ಬರೆದಿದ್ದರೆ ಈ ಪ್ರಶ್ನೆ ಮುಗಿಯಿತು ಅಂದುಕೊಳ್ಳಬೇಡಿ. ಅದು ಬಣ್ಣ ಹೆಚ್ಚಿಸುವ ಒಂದು ಪದರ ಅಷ್ಟೇ, ಒಳಗಿನ ಪ್ಯಾನೆಲ್ ವಿಎಯೋ ಐಪಿಎಸ್ಸೋ ಆಗಿರುತ್ತದೆ. ಒಎಲ್‌ಇಡಿಯಲ್ಲಿ ಕಪ್ಪೂ ಚೆನ್ನ, ಪಕ್ಕದ ನೋಟವೂ ಚೆನ್ನ. ಆದರೆ ಬೆಲೆ ಜಾಸ್ತಿ. ದಿನವಿಡೀ ನ್ಯೂಸ್ ಚಾನೆಲ್ ಹಾಕುವ ಮನೆಯಲ್ಲಿ ಕೆಳಗಿನ ಪಟ್ಟಿ, ಮೂಲೆಯ ಲೋಗೊ ವರ್ಷಗಳ ಮೇಲೆ ಪರದೆಯಲ್ಲೇ ಅಚ್ಚೊತ್ತಿಬಿಡುವ ಭಯವೂ ಇದೆ.

ನಿಮ್ಮ ಮನೆಗೆ ಯಾವುದು ಅಂತ ತಿಳಿಯಲು ಹೀಗೆ ಮಾಡಿ. ಪಕ್ಕದಲ್ಲಿ ಕೂರುವವರ ತಲೆ ಟಿವಿ ಗೋಡೆಯಿಂದ ಎಷ್ಟು ಅಡಿ ಮುಂದಿದೆ, ಟಿವಿಯ ನಟ್ಟನಡುವಿನಿಂದ ಎಷ್ಟು ಅಡಿ ಪಕ್ಕಕ್ಕಿದೆ, ಈ ಎರಡನ್ನೂ ಅಳೆಯಿರಿ. ಪಕ್ಕದ ಅಳತೆ ಮುಂದಿನ ಅಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ವಿಎ ನಡೆಯುತ್ತದೆ. ಎರಡೂ ಸಮನಾದರೆ ಅಥವಾ ಪಕ್ಕದ ಅಳತೆಯೇ ದೊಡ್ಡದಾದರೆ ಐಪಿಎಸ್ ಬೇಕು. ನಡುವೆ ಬಂದರೆ ಕಣ್ಣಾರೆ ನೋಡಿಯೇ ತೀರ್ಮಾನಿಸಿ. ಅತ್ತೆ ಕೂರುವ ಜಾಗ ಮುಂದಕ್ಕೆ ಮೂರೂವರೆ ಅಡಿ, ಪಕ್ಕಕ್ಕೆ ನಾಲ್ಕೂವರೆ ಅಡಿ. ಅವರು ನೋಡುವುದು ಮಧ್ಯಾಹ್ನದ ಬೆಳಕಿನಲ್ಲಿ, ಸಂಜೆ ಟ್ಯೂಬ್‌ಲೈಟ್ ಉರಿಯುವಾಗ. ಬೆಳಕಿದ್ದಾಗ ಐಪಿಎಸ್‌ನ ಬೂದಿ ಕಪ್ಪು ಕಣ್ಣಿಗೆ ಬೀಳುವುದೇ ಕಡಿಮೆ.

ಅಂಗಡಿಯಲ್ಲಿ

ಇಲ್ಲೊಂದು ತೊಡಕು ಎದುರಾಯಿತು. ಪೆಟ್ಟಿಗೆಯ ಮೇಲೆ ಪ್ಯಾನೆಲ್ ಹೆಸರು ಬರೆದಿರುವುದು ಅಪರೂಪ. ಒಂದೇ ಸರಣಿಯ 43ರಲ್ಲಿ ಐಪಿಎಸ್ ಇದ್ದು 50ರಲ್ಲಿ ವಿಎ ಇರಬಹುದು. 50 ಇಂಚಿನಲ್ಲಿ ವಿಎಯೇ ಜಾಸ್ತಿ ಸಿಗುತ್ತದೆ. ಹಾಗಾಗಿ ನಿಮಗೆ ಬೇಕಾದ ಇಂಚಿನ ಟಿವಿಯನ್ನೇ ಪರೀಕ್ಷೆ ಮಾಡಿ, ಅದರ ಅಣ್ಣನನ್ನೋ ತಮ್ಮನನ್ನೋ ನೋಡಿ ಒಪ್ಪಬೇಡಿ.

ಪೆನ್‌ಡ್ರೈವ್‌ನಲ್ಲಿ ಮನೆಯವರ ಮುಖ ಹತ್ತಿರದಿಂದ ಕಾಣುವ ಒಂದು ವಿಡಿಯೊ ಹಾಕಿಕೊಂಡು ಹೋಗಿ. ಪಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ನಾವು ಮೊದಲು ಚಿತ್ರದ ಮೋಡನ್ನು 'ವಿವಿಡ್'ನಿಂದ 'ಸ್ಟ್ಯಾಂಡರ್ಡ್'ಗೆ ಹಾಕಿಸಿದೆವು. ಆಮೇಲೆ ನೆಲದ ಟೈಲ್ಸ್ ಎಣಿಸಿ ಮನೆಯ ಅಳತೆಯಲ್ಲೇ, ಮೂರೂವರೆ ಅಡಿ ಮುಂದೆ, ನಾಲ್ಕೂವರೆ ಅಡಿ ಪಕ್ಕಕ್ಕೆ ನಿಂತೆವು. 50ರಲ್ಲಿ ಅಕ್ಕನ ಮಗಳ ಮುಖ ಬಿಳಿಚಿಕೊಂಡಿತು. ಅವಳ ಕಡುನೀಲಿ ಲಂಗ ಮಾಸಿದ ಹಾಗೆ ಕಂಡಿತು. 43ರಲ್ಲಿ ಬೆಳಕು ಸ್ವಲ್ಪ ಇಳಿಯಿತು, ಬಣ್ಣ ಬಣ್ಣವಾಗಿಯೇ ಇತ್ತು. ಭಾವ ಮತ್ತೆ ಮಾತಾಡಲಿಲ್ಲ, 43ಕ್ಕೇ ಬಿಲ್ ಹಾಕಿಸಿದರು.

ನಾವು ತಂದದ್ದು 4ಕೆ ಟಿವಿ. ನಿಜ ಹೇಳಬೇಕೆಂದರೆ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣಲು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಒಳ್ಳೆಯ ಫುಲ್ ಎಚ್‌ಡಿ ಐಪಿಎಸ್ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ತನ್ನಿ.

ಸ್ಮಾರ್ಟ್ ಸೌಲಭ್ಯದ ವಿಷಯಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ವರ್ಷ ಕಳೆದ ಮೇಲೆ ಆ್ಯಪ್‌ಗಳು ನಿಧಾನವಾದರೆ ಆ್ಯಪ್ ಓಡಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿ ಸರಿಮಾಡಿಕೊಳ್ಳಬಹುದು, ಪ್ಯಾನೆಲ್ ಬದಲಿಸಲು ಆಗುವುದಿಲ್ಲ. ಆದರೂ ರ‍್ಯಾಮ್ 2 ಜಿಬಿ ಇರಲಿ. ಯೂಟ್ಯೂಬ್ ತೆರೆದು, ಇನ್ನೊಂದು ಆ್ಯಪ್‌ಗೆ ಹೋಗಿ, ಮತ್ತೆ ಯೂಟ್ಯೂಬಿಗೆ ಬನ್ನಿ. ಅದು ಮೊದಲಿನಿಂದ ಲೋಡ್ ಆದರೆ ಮೆಮೊರಿ ಸಾಲುತ್ತಿಲ್ಲ ಅಂತ ಅರ್ಥ. ರಿಮೋಟಿನ ಮೈಕಿನಲ್ಲಿ ಕನ್ನಡದಲ್ಲೇ ಏನಾದರೂ ಕೇಳಿ ನೋಡಿ. ಅಜ್ಜಿಯಂದಿರಿಗೆ ಅದೊಂದು ದೊಡ್ಡ ಅನುಕೂಲ. ಎಚ್‌ಡಿಎಂಐ ಕಿಂಡಿ ಮೂರು ಬೇಕು: ಸೆಟ್‌ಟಾಪ್ ಬಾಕ್ಸಿಗೆ, ಸೌಂಡ್‌ಬಾರಿಗೆ, ಮುಂದೆ ಬರಬಹುದಾದ ಸ್ಟಿಕ್ಕಿಗೆ.

ಗೋಡೆಗೆ ಹಾಕುವಾಗ

ಫಿಟ್ಟಿಂಗ್‌ಗೆ ಬಂದವರು ಹಳೇ ಮೊಳೆಯ ಎತ್ತರಕ್ಕೇ ಹಾಕಲು ಹೊರಟಿದ್ದರು. ಆ ಎತ್ತರದಲ್ಲಿ ಹಾಕಿದರೆ ಕತ್ತು ನೋಯುತ್ತದೆ, ಚಿತ್ರವನ್ನು ಕೆಳಗಿನಿಂದ ಓರೆಯಾಗಿ ನೋಡಬೇಕಾಗುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 40 ಇಂಚು ಎತ್ತರಕ್ಕಿರುತ್ತದೆ. ಪರದೆಯ ನಡುಭಾಗ ಅಲ್ಲಿಗೆ ಬರಬೇಕು. 43 ಇಂಚಿನ ಟಿವಿಯ ಎತ್ತರ 21 ಇಂಚು, ಹಾಗಾಗಿ ಕೆಳಗಿನ ಅಂಚು ನೆಲದಿಂದ 30 ಇಂಚಿಗೆ ಬಂದರೆ ಸರಿ. ಡ್ರಿಲ್ ಮಾಡುವ ಮೊದಲು ಆ ಜಾಗದಲ್ಲಿ ಒಂದು ಕನ್ನಡಿ ಹಿಡಿದು ಸೋಫಾದಿಂದಲೂ ದಿವಾನದಿಂದಲೂ ನೋಡಿ. ಅದರಲ್ಲಿ ಕಿಟಕಿ ಕಂಡರೆ ಮಧ್ಯಾಹ್ನ ಪರದೆಯ ಮೇಲೂ ಕಿಟಕಿಯೇ ಕಾಣುತ್ತದೆ. ಅಕ್ಕ ದಪ್ಪ ಕರ್ಟನ್ ಹಾಕಿಸಿದಳು.

ಎಲ್ಲ ಮುಗಿದ ಮೇಲೂ ಚಿತ್ರ ಮಬ್ಬಾಗಿತ್ತು. ಹಿಂದೆ ಬಗ್ಗಿ ನೋಡಿದರೆ, ಸೆಟ್‌ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ ವಯರನ್ನೇ ಸಿಕ್ಕಿಸಿದ್ದರು. ಅದರಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಎಚ್‌ಡಿಎಂಐ ವಯರ್ ಹಾಕಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 1080ಕ್ಕೆ ಇಟ್ಟೆವು. ಅತ್ತೆ ದಿವಾನದ ಮೇಲೆ ಕೂತು ನೋಡಿ, "ಈಗ ಕಾಣುತ್ತೆ ಬಿಡಪ್ಪಾ" ಅಂದರು.