ಕೀ ಉತ್ತರ ಮುಚ್ಚಿಟ್ಟು ಓದಿದ ಪ್ರಶ್ನೆಕೋಠಿ

ಶಿರಸಿ ಕಡೆಯ ನಾವು ಕೆಲವು ಶಿಕ್ಷಕರು ಸೇರಿ ಹತ್ತನೇ ತರಗತಿಗೆ ಇತಿಹಾಸದ ಪ್ರಶ್ನೆಕೋಠಿ ತಯಾರಿಸಿದೆವು. ಪ್ರಶ್ನೆ ಬರೆದವರು ಬೇರೆ ಬೇರೆ ಶಾಲೆಯವರು. ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗೆ ರಜೆ ಕೊಟ್ಟ ದಿನಗಳಲ್ಲಿ ಕೂತು ಮಾಡಿದ ಕೆಲಸ ಇದು.

ಮೊದಲು ನಾನು ಮಾಡಿದ್ದು ಕೀ ಉತ್ತರದ ಹಾಳೆ ಮುಚ್ಚಿಟ್ಟದ್ದು. ಉತ್ತರ ಕಣ್ಣೆದುರಿಗೆ ಇದ್ದರೆ ಪ್ರಶ್ನೆ ಸರಿಯಾಗಿಯೇ ಕಾಣುತ್ತದೆ. ಮುಚ್ಚಿಟ್ಟು, ಮಕ್ಕಳ ಹಾಗೆ ಪೆನ್ಸಿಲಿನಲ್ಲಿ ನಾನೇ ಉತ್ತರ ಬರೆದೆ. ಕೀ ಜೊತೆ ನನ್ನ ಉತ್ತರ ತಾಳೆಯಾಗದ ಕಡೆ ಗುರುತು ಹಾಕಿದೆ. ತಾಳೆಯಾದರೂ ಬರೆಯುವ ಮೊದಲು ಕೈ ತಡೆದ ಪ್ರಶ್ನೆಗಳಿಗೆ ಬೇರೆ ಗುರುತು. ಕೆಲಸಕ್ಕೆ ಜಾಸ್ತಿ ಬಂದದ್ದು ಈ ಎರಡನೇ ಗುರುತೇ.

ಇಸವಿಯ ತಪ್ಪುಗಳಲ್ಲಿ ಕೈತಪ್ಪಿನಿಂದ ಆದವು ಕಡಿಮೆ. ಹೆಚ್ಚಿನ ಕಡೆ ಇಸವಿ ಸರಿಯೇ ಇರುತ್ತದೆ, ಆದರೆ ಪಕ್ಕದ ಘಟನೆಯದ್ದಾಗಿರುತ್ತದೆ. ‘ಅಂಕೋಲಾದಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಯಾವಾಗ?’ ಎಂಬ ಪ್ರಶ್ನೆಗೆ ಕೀಯಲ್ಲಿ 1930ರ ಏಪ್ರಿಲ್ 6 ಎಂದಿತ್ತು. ಅದು ದಂಡಿಯ ದಿನ. ಅಂಕೋಲಾದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸತ್ಯಾಗ್ರಹ ಶುರುವಾದದ್ದು ಏಪ್ರಿಲ್ 13ಕ್ಕೆ. ಅದರ ಕೆಳಗೇ ಇನ್ನೊಂದು: ‘ದಂಡಿ ಯಾತ್ರೆ ನಡೆದದ್ದು ಯಾವಾಗ?’ ಗಾಂಧೀಜಿ ಸಾಬರಮತಿಯಿಂದ ಹೊರಟದ್ದು ಮಾರ್ಚ್ 12, ದಂಡಿ ಮುಟ್ಟಿದ್ದು ಏಪ್ರಿಲ್ 5, ಉಪ್ಪು ಎತ್ತಿದ್ದು ಏಪ್ರಿಲ್ 6. ಆಯ್ಕೆಗಳಲ್ಲಿ ಈ ಮೂರೂ ಇದ್ದವು! ಈಗ ಆ ಪ್ರಶ್ನೆ ‘ಸಾಬರಮತಿಯಿಂದ ಹೊರಟ ದಿನ ಯಾವುದು?’ ಎಂದಾಗಿದೆ.

ಹಾಗಾಗಿ ಇಸವಿ ಇರುವ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ‘ಈ ದಿನ ನಿಜವಾಗಿ ಏನಾಯಿತು?’ ಎಂದು ಒಂದು ಸಾಲು ಬರೆದೆ. ಕಾಯಿದೆ ಪಾಸಾದದ್ದೋ, ಜಾರಿಗೆ ಬಂದದ್ದೋ? ರೆಗ್ಯುಲೇಟಿಂಗ್ ಕಾಯಿದೆ 1773ರದ್ದು. ಅದರ ಪ್ರಕಾರ ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡದ್ದು 1774ರಲ್ಲಿ. ಎರಡೂ ಇಸವಿಯನ್ನು ಒಂದೇ ಪ್ರಶ್ನೆಯ ಆಯ್ಕೆಯಲ್ಲಿಟ್ಟರೆ ಜಗಳ ಖಂಡಿತ. ಇನ್ನು, ಮೂರು ಗೈಡುಗಳಲ್ಲಿ ಒಂದೇ ಇಸವಿ ಸಿಕ್ಕಿತು ಎಂದು ಸುಮ್ನೆ ನಂಬುವಂತಿಲ್ಲ. ಒಂದನ್ನು ನೋಡಿ ಇನ್ನೊಂದು ಬರೆದದ್ದೇ ಹೆಚ್ಚು. ಒಂದೇ ಅಚ್ಚಿನ ತಪ್ಪು ಮೂರರಲ್ಲೂ ಕಂಡರೆ, ಅವನ್ನು ಒಂದೇ ಆಧಾರ ಎಂದು ಲೆಕ್ಕ ಹಿಡಿಯುತ್ತೇನೆ.

ನನ್ನ ಹೊತ್ತು ಜಾಸ್ತಿ ತಿಂದದ್ದು ಒಂದು ಕಾರಣದ ಪ್ರಶ್ನೆ. ‘ಯುರೋಪಿಯನ್ನರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಲು ಕಾರಣವೇನು?’ ಕೀ ಉತ್ತರ: ‘1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡು ವ್ಯಾಪಾರದ ದಾರಿ ಮುಚ್ಚಿದ್ದು.’ ನಾವೆಲ್ಲ ಬಾಯಿಪಾಠ ಮಾಡಿದ ಉತ್ತರ ಇದು. ಆದರೂ ಪರೀಕ್ಷಿಸಿದೆ.

ಕಾರಣದ ಮಾತು ಬಂದಾಗ ನಾನು ಮೊದಲು ಕಾಲಕ್ರಮ ನೋಡುತ್ತೇನೆ. ಪರಿಣಾಮ ಕಾರಣಕ್ಕಿಂತ ಮೊದಲೇ ಶುರುವಾಗಿತ್ತೇ? ಇಲ್ಲಿ ಶುರುವಾಗಿತ್ತು. ಪೋರ್ಚುಗೀಸರು ಉತ್ತರ ಆಫ್ರಿಕಾದ ಸ್ಯೂಟಾ ಪಟ್ಟಣ ಹಿಡಿದದ್ದು 1415ರಲ್ಲಿ. 1434ರಲ್ಲಿ ಅವರ ಹಡಗು ಪಶ್ಚಿಮ ಆಫ್ರಿಕಾದ ಬೊಜಡೋರ್ ಭೂಶಿರ ದಾಟಿತ್ತು. ಅಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವ ಹೊತ್ತಿಗೆ ದಕ್ಷಿಣಕ್ಕೆ ಹಡಗು ಕಳಿಸುವುದು ಅವರಿಗೆ ರೂಢಿಯಾಗಿತ್ತು.

ಎರಡನೆಯದಾಗಿ, ಮುಚ್ಚಿತು ಎನ್ನುವ ದಾರಿಯಲ್ಲೇ ಸರಕು ಹೋಗುತ್ತಿತ್ತೇ ಎಂದು ನೋಡಬೇಕು. ನಮ್ಮ ಕರಾವಳಿಯ ಮತ್ತು ಮಲಬಾರಿನ ಕಾಳುಮೆಣಸು ಯುರೋಪಿಗೆ ಹೋಗುತ್ತಿದ್ದ ದೊಡ್ಡ ದಾರಿ ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ. ಅಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ಸಿನ ವ್ಯಾಪಾರಿಗಳು ಕೊಳ್ಳುತ್ತಿದ್ದರು. ಈಜಿಪ್ಟ್ ಆಗ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ಆಟೋಮನ್ನರು ಅದನ್ನು ಗೆದ್ದದ್ದು 1517ರಲ್ಲಿ. ಅಷ್ಟರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು, ಗೋವಾವೂ ಪೋರ್ಚುಗೀಸರದ್ದಾಗಿತ್ತು. 1453ರ ಘಟನೆಯಿಂದ ಕಪ್ಪು ಸಮುದ್ರದ ಕಡೆಯ ವ್ಯಾಪಾರಕ್ಕೆ ಪೆಟ್ಟು ಬಿತ್ತು, ಅದು ನಿಜ. ಆದರೆ ಮೆಣಸಿನ ದಾರಿ ಅದರಿಂದ ಮುಚ್ಚಲಿಲ್ಲ. ಪಶ್ಚಿಮ ಆಫ್ರಿಕಾದ ಚಿನ್ನ, ವೆನಿಸ್ ಮತ್ತು ಈಜಿಪ್ಟಿನವರ ನಡುವಿನ ಲಾಭ ತಪ್ಪಿಸುವ ಆಸೆ, ಧರ್ಮದ ಹುರುಪು, ರಾಜರ ಹಣ ಇವೆಲ್ಲ ಸೇರಿ ಹಡಗು ಹೊರಟವು.

ಪ್ರಶ್ನೆ ಬರೆದ ಸಹೋದ್ಯೋಗಿಗೆ ಫೋನ್ ಮಾಡಿದೆ. “ಮೇಡಂ, ಪಾಠದಲ್ಲೂ 1453ನ್ನೇ ಹೇಳಿದ್ದಾರಲ್ಲ? ಮಕ್ಕಳು ಪರೀಕ್ಷೆಯಲ್ಲಿ ಏನು ಬರೀಬೇಕು?” ಎಂದರು. ಅವರ ಮಾತು ನ್ಯಾಯವೇ. ನಮ್ಮ ತಕರಾರಿಗೆ ಮಕ್ಕಳ ಅಂಕ ಹೋಗಬಾರದು. ಕೊನೆಗೆ ಪ್ರಶ್ನೆಯನ್ನು ಎರಡು ಮಾಡಿದೆವು. ಒಂದರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಇಸವಿ ಮಾತ್ರ ಕೇಳಿದೆವು. ಇನ್ನೊಂದು, ‘ಜಲಮಾರ್ಗ ಹುಡುಕಲು ಪ್ರೇರಣೆಯಾದ ಯಾವುದಾದರೂ ಎರಡು ಅಂಶ ಬರೆಯಿರಿ.’ ಪಾಠದ ಉತ್ತರ ಬರೆದವರಿಗೂ ಅಂಕ ಸಿಗುತ್ತದೆ. ‘ದಾರಿ ಮುಚ್ಚಿದ್ದೇ ಕಾರಣ’ ಎಂಬ ಮಾತನ್ನು ನಾವೇ ಅಚ್ಚು ಹಾಕಿದಂತೆಯೂ ಆಗುವುದಿಲ್ಲ.

ಪದಗಳ ಗೊಂದಲಕ್ಕೆ ನಮ್ಮ ಜಿಲ್ಲೆಯ ಪ್ರಶ್ನೆಯೇ ಸಾಕು: ‘ಉತ್ತರ ಕನ್ನಡ ಜಿಲ್ಲೆ ಯಾವಾಗ ರಚನೆಯಾಯಿತು?’ ಕೆನರಾ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆದದ್ದನ್ನು ಕೆಲವರು 1859 ಎನ್ನುತ್ತಾರೆ, ಕೆಲವರು 1860 ಎನ್ನುತ್ತಾರೆ. ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದು 1862ರಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ‘ಅಕ್ಕೋರೇ, ಎರಡೂ ಸರಿ ಅಲ್ವಾ?’ ಎಂದು ಒಬ್ಬ ಹುಡುಗ ಎದ್ದು ನಿಂತರೆ ಉತ್ತರ ಕೊಡುವುದು ಕಷ್ಟ. ‘ಬಾಂಬೆ ಪ್ರಾಂತ್ಯಕ್ಕೆ ಸೇರಿದ ವರ್ಷ’ ಎಂದು ತಿದ್ದಿದೆ. 1859, 1860 ಎರಡನ್ನೂ ಆಯ್ಕೆಯಿಂದ ತೆಗೆದೆ. ತಜ್ಞರೇ ಒಂದು ವರ್ಷ ಆಚೀಚೆ ಹೇಳುವ ಕಡೆ ಅಕ್ಕಪಕ್ಕದ ಇಸವಿ ಇಟ್ಟು ಮಕ್ಕಳನ್ನು ಸಿಕ್ಕಿಸುವುದು ನನಗೆ ಒಪ್ಪಿಗೆಯಿಲ್ಲ.

ಬನವಾಸಿಯ ಎರಡು ಪ್ರಶ್ನೆ ಕೊನೆಗೆ ಉಳಿದವು. ಮಯೂರಶರ್ಮ ಪಟ್ಟಕ್ಕೆ ಬಂದದ್ದು 345ರಲ್ಲಿ ಎಂದು ಖಚಿತವಾಗಿ ಬರೆದಿದ್ದರು. ಅದು ಅಂದಾಜು ಕಾಲ. ಬೇರೆ ಅಂದಾಜುಗಳೂ ಇವೆ. ಹಾಗಾಗಿ ಇಸವಿ ಬಿಟ್ಟು ಶತಮಾನ ಕೇಳಿ, 2, 4, 6, 8 ಎಂದು ದೂರ ದೂರದ ಆಯ್ಕೆ ಕೊಟ್ಟೆ. ಇನ್ನೊಂದು, ‘ಮಯೂರಶರ್ಮ ರಾಜ್ಯ ಕಟ್ಟಲು ಕಾರಣವೇನು?’ ಕಂಚಿಯಲ್ಲಿ ಆದ ಅವಮಾನದ ಕಥೆ ನಮಗೆ ಗೊತ್ತಾಗುವುದು ತಾಳಗುಂದದ ಶಾಸನದಿಂದ. ಅದನ್ನು ಬರೆಸಿದ್ದು ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, ಮಯೂರಶರ್ಮನ ನಂತರ ಕೆಲವು ತಲೆಮಾರು ಕಳೆದ ಮೇಲೆ. ತಮ್ಮ ಮನೆತನದ ಮೂಲಪುರುಷನ ಬಗ್ಗೆ ಮೊಮ್ಮಕ್ಕಳು ಹೇಳಿದ್ದು ಅಂತಲೇ ಓದಬೇಕು. ಕಥೆ ತೆಗೆಯಲಿಲ್ಲ. ಪ್ರಶ್ನೆಯ ಮುಂದೆ ‘ತಾಳಗುಂದ ಶಾಸನದ ಪ್ರಕಾರ’ ಎಂದು ಸೇರಿಸಿ ಅಚ್ಚಿಗೆ ಕಳಿಸಿದೆ.