ಪೆನ್ಷನ್ ಸ್ಲಿಪ್ ಓದುವುದು ಹೇಗೆ?

ಪೆನ್ಷನ್ ಸ್ಲಿಪ್ ಕೈಗೆ ಬಂದರೆ ಬಹಳ ಜನ ಕೆಳಗಿನ ಒಂದೇ ಅಂಕಿ ನೋಡಿ ಮಡಚಿಡುತ್ತಾರೆ. ಆಮೇಲೆ ಯಾವುದೋ ತಿಂಗಳು ಆ ಅಂಕಿ ಏರುಪೇರಾದಾಗ ಗಾಬರಿ. ಸ್ಲಿಪ್ಪನ್ನು ಮೇಲಿಂದ ಕೆಳಕ್ಕೇ ಓದಿ. ಮೂಲ ಪಿಂಚಣಿ, ಡಿಆರ್, ಕಮ್ಯುಟೇಷನ್, ತೆರಿಗೆ, ಇದೇ ಕ್ರಮ ಇರಲಿ.

ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ. ಒಬ್ಬರು ಕೇಂದ್ರ ಸರ್ಕಾರದ ನೌಕರಿಯಿಂದ 2021ರ ಮೇ 31ರಂದು ನಿವೃತ್ತರಾದರು ಅನ್ನಿ. ಕೊನೆಯ ಮೂಲ ವೇತನ 60,000 ರೂಪಾಯಿ. ಪಿಂಚಣಿ ಅದರ ಅರ್ಧ, 30,000. (ರಾಜ್ಯ ಸರ್ಕಾರದ ಪಿಂಚಣಿಗೆ ದರಗಳು ಬೇರೆ, ಸ್ಲಿಪ್ ಓದುವ ಬಗೆ ಇದೇ.)

ಮೊದಲು ಮೂಲ ಪಿಂಚಣಿ. ನಿಮ್ಮ ಪಿಂಚಣಿ ಮಂಜೂರಾದ ಆದೇಶ ಪತ್ರ, ಅಂದರೆ ಪಿಪಿಒ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ಅಂಕಿ ಒಂದೇ ಇರಬೇಕು. ಇದ್ದರೆ ಮುಂದಕ್ಕೆ ಹೋಗಿ.

ಎಡವಟ್ಟು ಶುರುವಾಗುವುದು ಡಿಆರ್, ಅಂದರೆ ತುಟ್ಟಿ ಪರಿಹಾರದ ಸಾಲಿನಲ್ಲಿ. 2025ರ ಜುಲೈನಿಂದ ಇದು ಶೇ 58 ಆಯಿತು. ಶೇ 58 ಯಾವುದರ ಮೇಲೆ? ನಮ್ಮ ಪರಿಚಯದ ಹಿರಿಯರೊಬ್ಬರದ್ದು ಇಷ್ಟೇ ಪಿಂಚಣಿ. ಕಮ್ಯುಟೇಷನ್‌ಗೆ 12,000 ಹೋಗಿ ಉಳಿದ 18,000ಕ್ಕೆ ಅವರು ಡಿಆರ್ ಲೆಕ್ಕ ಹಾಕಿದರು. 10,440 ಬಂತು. ಸ್ಲಿಪ್‌ನಲ್ಲಿ ಇದ್ದದ್ದು 17,400. ಬ್ಯಾಂಕಿನವರು ತಪ್ಪಿ 6,960 ಜಾಸ್ತಿ ಹಾಕಿದ್ದಾರೆ, ಒಂದು ದಿನ ಒಟ್ಟಿಗೆ ವಾಪಸ್ ಕೇಳುತ್ತಾರೆ ಅಂತ ಆ ದುಡ್ಡು ಮುಟ್ಟದೆ ಕೂತಿದ್ದರು, ಪಾಪ! ಡಿಆರ್ ಯಾವಾಗಲೂ ಪೂರ್ತಿ ಮೂಲ ಪಿಂಚಣಿಯ ಮೇಲೆ, ಕಮ್ಯುಟೇಷನ್ ಕಳೆಯುವ ಮೊದಲಿನ 30,000ದ ಮೇಲೆ. ಅದರ ಶೇ 58 ಅಂದರೆ 17,400. ಬ್ಯಾಂಕ್ ಸರಿಯಾಗಿಯೇ ಹಾಕಿತ್ತು.

ಅರಿಯರ್ಸ್ ಬಂದ ತಿಂಗಳು ಇನ್ನೊಂದು ಗೊಂದಲ. ಜುಲೈನಿಂದ ಲೆಕ್ಕಕ್ಕೆ ಬರುವ ಡಿಆರ್ ಸಾಮಾನ್ಯವಾಗಿ ಪ್ರಕಟವಾಗುವುದೇ ಹಬ್ಬದ ಹೊತ್ತಿಗೆ. ಶೇ 55 ಇದ್ದದ್ದು 58 ಆದಾಗ ಇವರಿಗೆ ತಿಂಗಳಿಗೆ 900 ಏರಿತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳದ್ದು 2,700 ಒಂದೇ ಸಲ ಬರುತ್ತದೆ. ಮುಂದಿನ ತಿಂಗಳು ಅದು ಇಲ್ಲವಾದರೆ ಪಿಂಚಣಿ ಕಡಿಮೆಯಾಯಿತು ಅಂತ ಬ್ಯಾಂಕಿಗೆ ಓಡಬೇಡಿ. ಇದಕ್ಕೆಲ್ಲ ಮೊಬೈಲ್ ಆ್ಯಪ್ ಬೇಕಾ? ಪಿಪಿಒ ನಂಬರು, ಆಧಾರ್ ಕೇಳುವ ಆ್ಯಪ್‌ಗಳನ್ನು ಅಳಿಸಿಬಿಡಿ. ಒಂದು ಗುಣಾಕಾರಕ್ಕೆ ಅಷ್ಟೆಲ್ಲ ಕೊಡಬೇಕಿಲ್ಲ.

ಇನ್ನು ಕಮ್ಯುಟೇಷನ್. ಸ್ಲಿಪ್‌ನಲ್ಲಿ 'ರಿಕವರಿ' ಅಂತ ನೋಡಿ ಸಾಲದ ಕಂತು ಅಂದುಕೊಳ್ಳುವವರು ಜಾಸ್ತಿ. 'ಬಾಕಿ ಎಷ್ಟಿದೆ, ಒಟ್ಟಿಗೆ ಕಟ್ಟಿಬಿಡಲಾ' ಅಂತ ಕೇಳುತ್ತಾರೆ. ಇದು ಸಾಲ ಅಲ್ಲ, ಬಾಕಿ ಅಂತ ಏನೂ ಇಲ್ಲ. ಪಿಂಚಣಿಯ ಒಂದು ಭಾಗವನ್ನು (ಕೇಂದ್ರದಲ್ಲಿ ಹೆಚ್ಚೆಂದರೆ ಶೇ 40) ಮುಂಚೆಯೇ ಇಡಿಗಂಟಾಗಿ ಪಡೆದಿದ್ದೀರಿ. ಇವರು ಬಿಟ್ಟುಕೊಟ್ಟದ್ದು ತಿಂಗಳಿಗೆ 12,000. 60ಕ್ಕೆ ನಿವೃತ್ತರಾದವರಿಗೆ ಅದನ್ನು 12ರಿಂದ, ಮತ್ತೆ ವಯಸ್ಸಿಗೆ ತಕ್ಕ ಅಂಕಿ 8.194ರಿಂದ ಗುಣಿಸುತ್ತಾರೆ. ಕೈಗೆ ಬಂದದ್ದು 11,79,936 ರೂಪಾಯಿ.

ಈ ಕಡಿತ ಶುರುವಾದ ದಿನದಿಂದ 15 ವರ್ಷ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಇವರದ್ದು 2021ರ ಜೂನ್ 1ಕ್ಕೆ ಶುರುವಾಗಿದ್ದರೆ, 2036ರ ಜೂನ್ ಪಿಂಚಣಿಯಲ್ಲಿ ಆ 12,000 ಕಡಿತ ಇರಬಾರದು. ಡಿಆರ್ ಏರಿದರೂ ಈ 12,000 ಏರುವುದಿಲ್ಲ. ಏರಿದ್ದರೆ ತಪ್ಪಾಗಿದೆ ಅಂತಲೇ ಅರ್ಥ. ವೇತನ ಆಯೋಗದಿಂದ ಪಿಂಚಣಿ ಏರಿ ಎರಡನೇ ಸಲವೂ ಕಮ್ಯುಟೇಷನ್ ದುಡ್ಡು ಪಡೆದವರಿಗೆ ಎರಡು ಮುಗಿಯುವ ದಿನಾಂಕಗಳಿರುತ್ತವೆ. ಮೊದಲ ಭಾಗಕ್ಕೆ ಮೊದಲ 15 ವರ್ಷ, ಎರಡನೆಯದಕ್ಕೆ ಅದರದ್ದೇ 15. ಎರಡನ್ನೂ ಪಿಪಿಒ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಕಡಿತವನ್ನು ಬ್ಯಾಂಕ್ ತಾನೇ ನಿಲ್ಲಿಸುತ್ತದೆ ಅಂತ ಸುಮ್ನೆ ಕೂರಬೇಡಿ. ಎರಡು ತಿಂಗಳು ಮುಂಚೆಯೇ ಪತ್ರ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಈಗ ಕೂಡಿಸಿ: 30,000, 17,400 ಸೇರಿ 47,400. ಅದರಲ್ಲಿ 12,000 ಹೋದರೆ 35,400.

ಕೊನೆಗೆ ತೆರಿಗೆ, ಅಂದರೆ ಟಿಡಿಎಸ್. ಇದನ್ನು ಬ್ಯಾಂಕ್ ಇಡೀ ವರ್ಷದ ಪಿಂಚಣಿ ಅಂದಾಜಿಸಿ ಕಡಿಯುತ್ತದೆ. 35,400ರಂತೆ ವರ್ಷಕ್ಕೆ 4,24,800. ಕಮ್ಯುಟೇಷನ್‌ಗೆ ಹೋದ ಭಾಗ ಇದರಲ್ಲಿಲ್ಲ, ಆ ಇಡಿಗಂಟಿಗೂ ಸರ್ಕಾರಿ ನಿವೃತ್ತರಿಗೆ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯುವುದು 3,49,800. 2025-26ರ ಲೆಕ್ಕದಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಾಗಾಗಿ ಇವರ ಸ್ಲಿಪ್‌ನಲ್ಲಿ ಟಿಡಿಎಸ್ ಸೊನ್ನೆ ಇರಬೇಕು. ಇಲ್ಲದಿದ್ದರೆ ಮೊದಲು ನಿಮ್ಮ ಪ್ಯಾನ್ ಬ್ಯಾಂಕಿನಲ್ಲಿ ಸರಿಯಾಗಿ ದಾಖಲಾಗಿದೆಯಾ ನೋಡಿ. ಕಡಿದದ್ದು ಫಾರ್ಮ್ 26ಎಎಸ್‌ನಲ್ಲಿ ಬಂದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.