ಅರವತ್ತು ಸೆಂಟಿಮೀಟರ್ ಜಡೆಯನ್ನು ತೂಗಿಸಿದ ಬಗೆ

ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗಾಗಿ ಫೋನಿನಲ್ಲಿ ಆಡುವ ಒಂದು ಚಿಕ್ಕ ಆಟವನ್ನು ಮಾಡುವಾಗ, ಲಂಗ ತೊಟ್ಟು ಓಡುವ ಹುಡುಗಿಯ ಜಡೆಗೆ ನಾನು, ದೇಹ ಅಲುಗಿದಂತೆ ತಾವಾಗಿಯೇ ತೂಗುವ ಕೊಂಡಿಗಳಾದ ಸ್ಪ್ರಿಂಗ್ ಬೋನ್‌ಗಳನ್ನು ಅಳವಡಿಸಿದೆ. 12 ಸೆಂಟಿಮೀಟರ್ ಉದ್ದದ ಐದು ಬೋನ್‌ಗಳು, ಒಟ್ಟು 60 ಸೆಂಟಿಮೀಟರ್. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೂಗುತ್ತಿದ್ದ ಜಡೆ ಹಳೆಯ ಫೋನಿನಲ್ಲಿ ನಡುಗತೊಡಗಿತು. ಹುಡುಗಿ ಥಟ್ಟನೆ ತಿರುಗಿದಾಗ ಕುತ್ತಿಗೆಯ ಬಳಿ ರಬ್ಬರಿನಂತೆ ಎಳೆದುಕೊಳ್ಳುತ್ತಿತ್ತು.

ನಡುಕವನ್ನು ನಾನು ಮೊದಲು ಬಿಗಿತ ಮತ್ತು ವೇಗವನ್ನು ತಗ್ಗಿಸುವ ಡ್ರ್ಯಾಗ್‌ಗಳ ಅಂಕಿಗಳಲ್ಲಿ ಹುಡುಕಿ ಎರಡು ದಿನ ಕಳೆದೆ, ಆದರೆ ಕಾರಣ ಅಲ್ಲಿರಲಿಲ್ಲ. ಈ ವಿಧಾನದಲ್ಲಿ ವೇಗವನ್ನು ಪ್ರತ್ಯೇಕವಾಗಿ ಇಡುವುದಿಲ್ಲ. ಬೋನಿನ ತುದಿಯ ಬಿಂದುವಿನ ಈಗಿನ ಸ್ಥಾನದಿಂದ ಹಿಂದಿನ ಸ್ಥಾನವನ್ನು ಕಳೆದರೆ ಬರುವ ಅಂತರವೇ ವೇಗ. ಒಂದು ಫ್ರೇಮ್ 16 ಮಿಲಿಸೆಕೆಂಡು, ಮುಂದಿನದು 33 ಮಿಲಿಸೆಕೆಂಡು ಆದಾಗಲೂ ಅದೇ ಅಂತರವನ್ನು ಮುಂದಕ್ಕೆ ಒಯ್ಯುವುದರಿಂದ ವೇಗ ಫ್ರೇಮಿನಿಂದ ಫ್ರೇಮಿಗೆ ಏರಿಳಿಯುತ್ತದೆ. ಡ್ರ್ಯಾಗ್ ಕೂಡ ಫ್ರೇಮಿನ ಲೆಕ್ಕದಲ್ಲೇ ಕೆಲಸ ಮಾಡುತ್ತದೆ: 0.1 ಇಟ್ಟರೆ, ಸೆಕೆಂಡಿಗೆ 60 ಫ್ರೇಮ್ ಇರುವಲ್ಲಿ ಅರ್ಧ ಸೆಕೆಂಡಿನ ಬಳಿಕ ವೇಗದ ಶೇಕಡಾ 4 ಮಾತ್ರ ಉಳಿದರೆ, 30 ಫ್ರೇಮ್ ಇರುವಲ್ಲಿ ಶೇಕಡಾ 21 ಉಳಿಯುತ್ತದೆ. ಆದ್ದರಿಂದ ಫ್ರೇಮ್ ಎಷ್ಟೇ ದೀರ್ಘವಾಗಿರಲಿ, ಲೆಕ್ಕವನ್ನು ಸೆಕೆಂಡಿನ ಅರವತ್ತನೇ ಒಂದರಷ್ಟು ಸ್ಥಿರ ಹೆಜ್ಜೆಗಳಲ್ಲಿ ನಡೆಸಿ, ಮಿಕ್ಕ ಸಮಯವನ್ನು ಮುಂದಿನ ಫ್ರೇಮಿಗೆ ಉಳಿಸಿದೆ. ಚಿತ್ರಿಸುವಾಗ ಕೊನೆಯ ಎರಡು ಹೆಜ್ಜೆಗಳ ನಡುವಿನ ಸ್ಥಿತಿಯನ್ನು ತೆಗೆದುಕೊಂಡೆ. ಒಂದು ಫ್ರೇಮಿನಲ್ಲಿ ಎರಡು ಹೆಜ್ಜೆ ನಡೆಯುವುದಾದರೆ ತಲೆಯ ಸ್ಥಾನವನ್ನೂ ಹಾಗೆಯೇ ಎರಡಾಗಿ ಹಂಚಿ ಕೊಡಬೇಕು. ಇಲ್ಲದಿದ್ದರೆ ಮೊದಲ ಹೆಜ್ಜೆಯಲ್ಲಿ ತಲೆ ಒಮ್ಮೆಲೇ ಹಾರಿ ಎರಡನೆಯದರಲ್ಲಿ ನಿಂತುಬಿಡುತ್ತದೆ, ಜಡೆ ಮತ್ತೆ ನಡುಗುತ್ತದೆ.

ಎಳೆತಕ್ಕೆ ಕಾರಣ ಬೇರೆ. ಬೋನಿನ ಉದ್ದ ಕೆಟ್ಟಾಗಲೆಲ್ಲ ನಾನು ಅದರ ಎರಡು ತುದಿಗಳನ್ನೂ ಅರ್ಧರ್ಧ ಸರಿಸುತ್ತಿದ್ದೆ. ಕೆಲವೇ ಸುತ್ತುಗಳಲ್ಲಿ ಅದು ಪೂರ್ತಿ ಸರಿಹೋಗುವುದಿಲ್ಲ. ಈಗ ಬುಡದಿಂದ ತುದಿಯ ಕಡೆಗೆ ಒಂದೇ ಸುತ್ತು ಬರುತ್ತೇನೆ, ಬೋನಿನ ಮೇಲಿನ ಬಿಂದುವನ್ನು, ಅಂದರೆ ಕೆಳಗಿನ ಸಾಲುಗಳ head ಅನ್ನು, ಕದಲಿಸದೆ ಕೆಳಗಿನದನ್ನು ಮಾತ್ರ ಸರಿಸುತ್ತೇನೆ:

```
next = cur + (cur - prev) * (1.0 - drag) + gravity * dt * dt
next = head + (next - head).normalized() * length
```

ಹೀಗೆ ಸಿಕ್ಕ ಸ್ಥಾನವನ್ನು ಬೋನಿಗೆ ನೇರವಾಗಿ ಬರೆಯದೆ, ಅದರಿಂದ ತಿರುಗುವಿಕೆಯನ್ನಷ್ಟೇ ಲೆಕ್ಕಹಾಕಿ ಕೊಟ್ಟರೆ ಜಡೆ ಎಳೆದುಕೊಳ್ಳುವ ದಾರಿಯೇ ಉಳಿಯುವುದಿಲ್ಲ.

ನಡುಕವೂ ಎಳೆತವೂ ಹೋದ ಮೇಲೆ ಅಮ್ಮನಿಗೆ ತೋರಿಸಿದೆ. "ಮಗಾ, ಹೂ ಮುಡಿದ ಜಡೆ ಹೀಗೆ ಚಟಪಟ ಆಡುವುದುಂಟಾ? ಅದಕ್ಕೆ ಭಾರ ಉಂಟಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ಅಂಗಳದ ಚಪ್ಪರಕ್ಕೆ 60 ಸೆಂಟಿಮೀಟರ್ ತೆಂಗಿನ ನಾರಿನ ಹಗ್ಗವನ್ನು ಕಟ್ಟಿ ತೂಗಿಸಿ ಎಣಿಸಿದಾಗ ಹತ್ತು ತೂಗಾಟಕ್ಕೆ ಸುಮಾರು 13 ಸೆಕೆಂಡು ಹಿಡಿಯಿತು. ನನ್ನ ಜಡೆಯ ಮೊದಲ ಬೋನ್ ಒಂದು ತೂಗಾಟವನ್ನು 0.7 ಸೆಕೆಂಡಿನಲ್ಲೇ ಮುಗಿಸುತ್ತಿತ್ತು. ಇದು ನಾನು ಆಯ್ದ ವಿಧಾನದ ಬೆಲೆ. ಕೆಳಗಿನ ಕೊಂಡಿ ಮೇಲಿನದನ್ನು ಎಂದೂ ಎಳೆಯದ ಕಾರಣ ಮೊದಲ ಬೋನಿಗೆ ತನ್ನ ಕೆಳಗೆ ಉದ್ದನೆಯ ಜಡೆಯಿದೆ ಎಂಬುದೇ ತಿಳಿಯದು. ಅದು 12 ಸೆಂಟಿಮೀಟರಿನ ಒಂಟಿ ಲೋಲಕದಂತೆ ತೂಗುತ್ತದೆ. ಅವಧಿಯನ್ನು 1.3 ಸೆಕೆಂಡಿಗೆ ತರಬೇಕಾದರೆ ಗುರುತ್ವವನ್ನು ಆ ಎರಡು ಅವಧಿಗಳ ಅನುಪಾತದ ವರ್ಗದಷ್ಟು, ಅಂದರೆ 9.8ರಿಂದ ಸುಮಾರು 2.8ಕ್ಕೆ ಇಳಿಸಬೇಕು. ಇಳಿಸಿದ ಕೂಡಲೇ ಜಡೆಗೆ ತೂಕ ಬಂತು. ಭಾರ ಕಾಣಬೇಕೆಂದು ಗುರುತ್ವವನ್ನು ಹೆಚ್ಚಿಸುವ ತಪ್ಪನ್ನು ನಾನು ಅಲ್ಲಿಯವರೆಗೆ ಮಾಡುತ್ತಲೇ ಇದ್ದೆ.

ಐದೂ ಕೊಂಡಿಗಳ ಅವಧಿ ಒಂದೇ ಆಗಿರುವುದರಿಂದ ಪ್ರತಿ ಕೊಂಡಿಯೂ ತನ್ನ ಕೆಳಗಿನದನ್ನು ಅದರ ತಾಳಕ್ಕೆ ಸರಿಯಾಗಿಯೇ ತಳ್ಳುತ್ತದೆ, ತುದಿಯ ಕುಚ್ಚು ಚಾಟಿಯಂತೆ ಬೀಸುತ್ತದೆ. ಬುಡದಲ್ಲಿ 0.04 ಇದ್ದ ಡ್ರ್ಯಾಗನ್ನು ತುದಿಯಲ್ಲಿ 0.10ರವರೆಗೆ ಏರಿಸಿದಾಗ ಅದು ನಿಂತಿತು.

ಬೆನ್ನಿಗೆ ಒರಗಿದಾಗಿನ ಚಿಕ್ಕ ನಡುಕ ಮಾತ್ರ ಉಳಿದಿತ್ತು. ಜಡೆ ಬೆನ್ನೊಳಗೆ ತೂರದಂತೆ ತಡೆಯುವ ಕೊಲೈಡರ್ ಬಿಂದುವನ್ನು ಹೊರಕ್ಕೆ ತಳ್ಳಿದಷ್ಟೂ ಆ ತಳ್ಳುವಿಕೆಯೇ ಮುಂದಿನ ಹೆಜ್ಜೆಯಲ್ಲಿ ವೇಗವಾಗಿ ಬದಲಾಗುತ್ತಿತ್ತು. ಹಿಂದಿನ ಸ್ಥಾನವನ್ನೂ ಅಷ್ಟೇ ದೂರ ಸರಿಸಿ, ತಳ್ಳುವುದು ಮತ್ತು ಉದ್ದ ಸರಿಪಡಿಸುವುದು ಎರಡನ್ನೂ ಎರಡೆರಡು ಬಾರಿ ಮಾಡಿದೆ. ಕೊಲೈಡರನ್ನು ಬೆನ್ನಿಗಿಂತ ಒಂದು ಸೆಂಟಿಮೀಟರ್ ದಪ್ಪವಾಗಿಟ್ಟೆ.

ಇದೇ ಲೆಕ್ಕವನ್ನು ಆಟದ ನಾಯಿಯ ಬಾಲಕ್ಕೂ ಬಳಸಿದ್ದೇನೆ. ಬಾಲಕ್ಕೆ ತನ್ನದೇ ಆಕಾರವಿರುವುದರಿಂದ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಬಿಗಿತ ಸೇರಿಸಬೇಕಾಯಿತು. ರಾಜನ ಹೆಗಲವಸ್ತ್ರಕ್ಕೆ ನಾಲ್ಕು ಸಾಲುಗಳನ್ನು ಬಿಡಿಬಿಡಿಯಾಗಿ ಇಳಿಬಿಟ್ಟೆ. ಸಾಲುಗಳನ್ನು ಅಡ್ಡಲಾಗಿ ಜೋಡಿಸಲು ಹೋದಾಗ ಬುಡದಿಂದ ತುದಿಗೆ ಎಂಬ ಒಂದೇ ಕ್ರಮ ಮುರಿದು ಎಳೆತ ಮರಳಿ ಬಂತು, ಹಾಗಾಗಿ ಆ ಅಡ್ಡ ಜೋಡಣೆಯನ್ನು ತೆಗೆದುಹಾಕಿದ್ದೇನೆ.